ಮನೆಯಲ್ಲೇ ಮಾಡುವ ಸೊಳ್ಳೆ ಎಣ್ಣೆ: ಸಿಟ್ರೊನೆಲ್ಲಾ, ಮಜ್ಜಿಗೆ ಹುಲ್ಲು, ಬೇವು ಎಷ್ಟು ಹೊತ್ತು ಕಾಯುತ್ತವೆ?

ಗಿಡಮೂಲಿಕೆಯ ಎಣ್ಣೆ ಹಚ್ಚಿಕೊಂಡರೆ ಸೊಳ್ಳೆ ದೂರ ಹೋಗುವುದು ನಿಜ. ಆದರೆ ಎಷ್ಟು ಹೊತ್ತು ದೂರ ಇರುತ್ತದೆ ಎನ್ನುವುದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಮಾರುವವರು ಇಡೀ ರಾತ್ರಿ ಎನ್ನುತ್ತಾರೆ, ನಂಬದವರು ಏನೂ ಪ್ರಯೋಜನವಿಲ್ಲ ಎನ್ನುತ್ತಾರೆ. ಎರಡೂ ಸರಿಯಲ್ಲ. ಹೊತ್ತಿನ ಲೆಕ್ಕ ಗೊತ್ತಿದ್ದರೆ ಈ ಎಣ್ಣೆ ಒಳ್ಳೆಯ ಉಪಯೋಗಕ್ಕೆ ಬರುತ್ತದೆ. ಗೊತ್ತಿಲ್ಲದೆ ಮಕ್ಕಳಿಗೆ ಹಚ್ಚಿ ಶಾಲೆಗೆ ಕಳಿಸಿದರೆ ಡೆಂಗಿಯ ಹಂಗಾಮಿನಲ್ಲಿ ಅಪಾಯವಾಗುತ್ತದೆ.

ಬಾಗಲಕೋಟೆಯ ನವನಗರದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ ನಳದ ನೀರು ದಿನವೂ ಬರುವುದಿಲ್ಲವಾದ್ದರಿಂದ ಮನೆಮನೆಗೂ ಡ್ರಮ್ಮು, ಬ್ಯಾರಲ್, ಸಿಂಟೆಕ್ಸ್, ತೊಟ್ಟಿಗಳಲ್ಲಿ ನೀರು ತುಂಬಿಡುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ಸ್ವಚ್ಛ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಗಟಾರದ ಕೊಳಚೆಯಲ್ಲಿ ಹುಟ್ಟಿ ರಾತ್ರಿ ಕಿವಿಯ ಹತ್ತಿರ ಗುಂಯ್‌ಗುಡುವುದು ಕ್ಯೂಲೆಕ್ಸ್. ಈ ಎರಡರ ವ್ಯತ್ಯಾಸ ತಿಳಿದಿರಬೇಕು. ಈಡಿಸ್ ಕಪ್ಪಗಿರುತ್ತದೆ, ಕಾಲಿಗೆ ಬಿಳಿ ಪಟ್ಟಿಗಳಿರುತ್ತವೆ. ಅದು ಕಚ್ಚುವುದು ಹಗಲಲ್ಲಿ, ಅದರಲ್ಲೂ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಮತ್ತು ಸಂಜೆ ಹೊತ್ತು ಮುಳುಗುವ ಮೊದಲು.

ಮೂರು ಎಣ್ಣೆ, ಎರಡು ಬಗೆಯ ಕೆಲಸ

ಸಿಟ್ರೊನೆಲ್ಲಾ ಮತ್ತು ಮಜ್ಜಿಗೆ ಹುಲ್ಲು ಒಂದೇ ಕುಲದ ಹುಲ್ಲುಗಳು. ಸಿಟ್ರೊನೆಲ್ಲಾದಲ್ಲಿ ಸಿಟ್ರೊನೆಲ್ಲಾಲ್, ಜೆರಾನಿಯೋಲ್ ಎಂಬ ಸುವಾಸನೆಯ ದ್ರವ್ಯಗಳು ಮುಖ್ಯ. ನಾವು ಚಹಾಕ್ಕೆ ಹಾಕುವ ಮಜ್ಜಿಗೆ ಹುಲ್ಲಿನಲ್ಲಿ ಸಿಟ್ರಾಲ್ ಮುಖ್ಯ. ಇವೆಲ್ಲ ಬೇಗ ಆವಿಯಾಗುತ್ತವೆ. ಚರ್ಮದಿಂದ ಏಳುವ ಈ ಆವಿ ಸೊಳ್ಳೆಗೆ ನಮ್ಮ ಮೈವಾಸನೆ ಸರಿಯಾಗಿ ಸಿಗದಂತೆ ಮಾಡುತ್ತದೆ. ಅಂದರೆ ಎಣ್ಣೆ ಆರುತ್ತಿರುವಾಗಲೇ ಅದು ಕೆಲಸ ಮಾಡುತ್ತಿರುತ್ತದೆ. ಪೂರ್ತಿ ಆರಿತೆಂದರೆ ಕೆಲಸವೂ ಮುಗಿಯಿತು. ನಮ್ಮ ಏಪ್ರಿಲ್–ಮೇ ಸೆಕೆಯಲ್ಲಿ, ಬೆವರಿನಲ್ಲಿ, ಗಾಳಿ ಬೀಸುವ ಕಟ್ಟೆಯ ಮೇಲೆ ಅದು ಇನ್ನೂ ಬೇಗ ಮುಗಿಯುತ್ತದೆ.

ಬೇವಿನ ಎಣ್ಣೆಯ ಸ್ವಭಾವ ಬೇರೆ. ಅದು ಬೀಜದಿಂದ ಹಿಂಡಿದ ಜಿಡ್ಡಿನ ಎಣ್ಣೆ. ಬೇಗ ಹಾರಿಹೋಗದೆ ಚರ್ಮದ ಮೇಲೆ ಉಳಿಯುತ್ತದೆ. 1993ರಲ್ಲಿ ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕೊಬ್ಬರಿ ಎಣ್ಣೆಯಲ್ಲಿ ಶೇ. 2ರಷ್ಟು ಬೇವಿನ ಎಣ್ಣೆ ಬೆರೆಸಿ ಪರೀಕ್ಷಿಸಿದಾಗ, ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳಿಂದ 12 ಗಂಟೆಯವರೆಗೆ ರಕ್ಷಣೆ ಸಿಕ್ಕಿತೆಂದು ವರದಿ ಮಾಡಿದರು. ಬೇವಿನ ಹೆಸರಿನಲ್ಲಿ ಮಾರುವವರೆಲ್ಲ ಈ 12 ಗಂಟೆಯನ್ನು ಹಿಡಿದು ಮಾತಾಡುತ್ತಾರೆ. ಆದರೆ ಅದು ರಾತ್ರಿ ಕಚ್ಚುವ ಅನಾಫಿಲಿಸ್ ಮೇಲಿನ ಫಲಿತಾಂಶ. ಹಗಲಿನ ಈಡಿಸ್‌ಗೆ ಅದನ್ನೇ ಅನ್ವಯಿಸಿ ನಂಬಿಕೊಳ್ಳುವುದು ತಪ್ಪು.

ಅಂಗಡಿಯ ಕ್ರೀಮಿನೊಂದಿಗೆ ಹೋಲಿಸಿದರೆ

2002ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಅಂಗಡಿಯಲ್ಲಿ ಸಿಗುವ ಹಲವು ಸೊಳ್ಳೆ ನಿವಾರಕಗಳನ್ನು ಒಂದೇ ರೀತಿಯಲ್ಲಿ ಪರೀಕ್ಷಿಸಿದರು. ಸೊಳ್ಳೆ ತುಂಬಿದ ಪಂಜರದೊಳಗೆ ಕೈ ಇಟ್ಟು ಮೊದಲ ಕಡಿತದವರೆಗಿನ ಹೊತ್ತು ಅಳೆದರು. ಡೀಟ್ ಎಂಬ ರಾಸಾಯನಿಕ ಸುಮಾರು ಶೇ. 24ರಷ್ಟು ಇದ್ದ ನಿವಾರಕ ಸರಾಸರಿ 5 ಗಂಟೆ ಕಾಯಿತು. ಸಿಟ್ರೊನೆಲ್ಲಾ ಇದ್ದವು 20 ನಿಮಿಷವನ್ನೂ ದಾಟಲಿಲ್ಲ. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿಗಳಿಂದ ರಕ್ಷಣೆಯೇ ಸಿಗಲಿಲ್ಲ. ಪಂಜರದಲ್ಲಿ ಹಸಿದ ಸೊಳ್ಳೆಗಳ ದಂಡೇ ಇರುತ್ತದೆ. ನಮ್ಮ ಅಂಗಳದಲ್ಲಿ ಅಷ್ಟು ಇರುವುದಿಲ್ಲವಾದ್ದರಿಂದ ಇಲ್ಲಿ ಇನ್ನಷ್ಟು ಹೊತ್ತು ನಡೆಯಬಹುದು. ಆದರೂ ಎರಡರ ನಡುವಿನ ಅಂತರ ಎಷ್ಟು ದೊಡ್ಡದು ಎನ್ನುವುದು ಇದರಿಂದ ತಿಳಿಯುತ್ತದೆ.

ಡೀಟ್ ಎಂದರೆ ಹೆದರುವವರು ನಮ್ಮಲ್ಲಿ ಬಹಳ. ಅದನ್ನು 1946ರಲ್ಲಿ ಅಮೆರಿಕದ ಸೈನ್ಯ ರೂಪಿಸಿತು, 1957ರಿಂದ ಜನಸಾಮಾನ್ಯರು ಬಳಸುತ್ತಿದ್ದಾರೆ. ಇಷ್ಟು ದೀರ್ಘ ಬಳಕೆಯ ದಾಖಲೆ ಅದಕ್ಕಿದೆ. ಅದರ ಶೇಕಡಾ ಅಂಕಿ ಹೇಳುವುದು ಎಷ್ಟು ಹೊತ್ತು ಕಾಯುತ್ತದೆ ಎಂಬುದನ್ನು. ಶೇ. 10ರದ್ದು ಸುಮಾರು 2 ಗಂಟೆ ಕಾದರೆ ಹೆಚ್ಚಿನದು ಹೆಚ್ಚು ಹೊತ್ತು ಕಾಯುತ್ತದೆ. ಶೇ. 50 ದಾಟಿದ ಮೇಲೆ ಹೆಚ್ಚಿಸಿದರೂ ಅಷ್ಟು ಲಾಭವಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ ಹಚ್ಚಬಾರದು, ಕಣ್ಣು–ಬಾಯಿಗೆ ತಾಗಿಸಬಾರದು. ಕನ್ನಡಕದ, ಗಡಿಯಾರದ ಪ್ಲಾಸ್ಟಿಕ್ ಅದರಿಂದ ಹಾಳಾಗುತ್ತದೆ. ನಮ್ಮ ಔಷಧಿ ಅಂಗಡಿಗಳಲ್ಲಿ ಡೀಟ್‌ಗಿಂತ ಸುಲಭವಾಗಿ ಸಿಗುವುದು ಡೈಈಥೈಲ್ ಬೆಂಝಮೈಡ್ ಇರುವ ಕ್ರೀಮು. ಪಿಕಾರಿಡಿನ್ ಎಂಬ ಇನ್ನೊಂದು ನಿವಾರಕ ಇರುವುದು ಸಿಕ್ಕರೆ, ಅದಕ್ಕೆ ಜಿಡ್ಡೂ ವಾಸನೆಯೂ ಕಡಿಮೆ. ಡಬ್ಬಿಯ ಮುಂದೆ ಬೇವಿನ ಎಲೆಯ ಚಿತ್ರ ಇದೆಯೋ ಇಲ್ಲವೋ ಎಂದು ನೋಡುವುದಕ್ಕಿಂತ ಹಿಂದೆ ಸಣ್ಣಕ್ಷರದಲ್ಲಿ ಇರುವ ಸಕ್ರಿಯ ಘಟಕದ ಹೆಸರು, ಅದರ ಶೇಕಡಾ ಓದಿ. ಬೇವಿನ ಚಿತ್ರ ಇರುವ ಎಷ್ಟೋ ಡಬ್ಬಿಗಳಲ್ಲಿ ಕೆಲಸ ಮಾಡುವುದು ಈ ರಾಸಾಯನಿಕವೇ.

ಸಾಮಾನು ಆರಿಸುವುದು

ಹೆಚ್ಚಿನವರು ಎಡವುವುದು ಇಲ್ಲಿಯೇ. ಅದರಲ್ಲೂ ಬೇವಿನ ಎಣ್ಣೆಯಲ್ಲಿ.

ದಾಳಿಂಬೆ, ಕಬ್ಬು, ದ್ರಾಕ್ಷಿ ಬೆಳೆಯುವ ನಮ್ಮ ಸೀಮೆಯಲ್ಲಿ ಗೊಬ್ಬರದ ಅಂಗಡಿಗೆ ಹೋಗಿ ಬೇವಿನ ಎಣ್ಣೆ ಕೇಳಿದರೆ ಬೆಳೆಗೆ ಹೊಡೆಯುವ ಬಾಟಲಿ ಕೊಡುತ್ತಾರೆ. ಮೇಲೆ 1500 ಪಿಪಿಎಂ, 10,000 ಪಿಪಿಎಂ ಎಂದು ಬರೆದಿರುತ್ತದೆ. ನೀರಿನಲ್ಲಿ ಕರಗಲೆಂದು ಅದಕ್ಕೆ ಬೇರೆ ದ್ರಾವಕಗಳನ್ನು ಸೇರಿಸಿರುತ್ತಾರೆ. ಅದು ಗಿಡಕ್ಕೆ, ಮೈಗೆ ಅಲ್ಲ. ಮನೆಯಲ್ಲಿ ಯಾವುದಿದೆ ಎಂಬ ಸಂಶಯ ಬಂದರೆ ಒಂದು ಲೋಟ ನೀರಿಗೆ ನಾಲ್ಕು ಹನಿ ಹಾಕಿ ಕದಡಿ. ನೀರು ಹಾಲಿನಂತೆ ಬೆಳ್ಳಗಾದರೆ ಅದು ಹೊಲದ್ದು. ಹನಿಗಳು ಕಂದು ಜಿಡ್ಡಾಗಿ ಮೇಲೆ ತೇಲಿದರೆ ಶುದ್ಧ ಎಣ್ಣೆ. ಗಾಣದಲ್ಲಿ ಹಿಂಡಿದ ಬೇವಿನ ಎಣ್ಣೆ ಕಂದಾಗಿರುತ್ತದೆ, ಬೆಳ್ಳುಳ್ಳಿಯಂಥ ಗಾಟು ವಾಸನೆ ಬರುತ್ತದೆ. ವಾಸನೆಯೇ ಇಲ್ಲದ ತಿಳಿ ಎಣ್ಣೆ ಕೊಟ್ಟರೆ ತೆಗೆದುಕೊಳ್ಳಬೇಡಿ.

ಸಿಟ್ರೊನೆಲ್ಲಾ ಮತ್ತು ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ಕಂದು ಗಾಜಿನ ಬಾಟಲಿಯಲ್ಲಿ ಕೊಳ್ಳಿ. ಬಿಳಿ ಹಾಳೆಯ ಮೇಲೆ ಒಂದು ಹನಿ ಬಿಟ್ಟು ಮರುದಿನ ನೋಡಿ. ಶುದ್ಧವಾದದ್ದು ಹಾರಿಹೋಗಿ ಜಿಡ್ಡಿನ ಕಲೆ ಉಳಿದಿರುವುದಿಲ್ಲ. ಭಜಿ ಇಟ್ಟ ಕಾಗದದಂತೆ ಹಾಳೆ ಪಾರದರ್ಶಕವಾಗಿದ್ದರೆ ಅಗ್ಗದ ಎಣ್ಣೆ ಬೆರೆಸಿದ್ದಾರೆ ಎಂದರ್ಥ. ಸಿಟ್ರೊನೆಲ್ಲಾ ಹೆಸರಿನ ದೇವರ ದೀಪದ ಎಣ್ಣೆ, ಅಗರಬತ್ತಿಯ ಸುಗಂಧ ಇವೆಲ್ಲ ಚರ್ಮಕ್ಕೆ ಬೇಡ.

ಹಿತ್ತಲಲ್ಲಿ ಮಜ್ಜಿಗೆ ಹುಲ್ಲಿನ ಪೊದೆ ಇದ್ದರೆ ಅದನ್ನೇ ಕುದಿಸಿ ಎಣ್ಣೆ ಮಾಡಬಾರದೇಕೆ ಎಂದು ಬಹಳ ಮಂದಿ ಕೇಳುತ್ತಾರೆ. ಒಂದು ಕಿಲೋ ಹಸಿ ಹುಲ್ಲನ್ನು ಸರಿಯಾದ ಯಂತ್ರದಲ್ಲಿ ಹಬೆಯಿಂದ ಬಟ್ಟಿ ಇಳಿಸಿದರೂ ಸಿಗುವುದು ಸುಮಾರು 3ರಿಂದ 5 ಎಂ.ಎಲ್. ಎಣ್ಣೆ. ಪಾತ್ರೆಯಲ್ಲಿ ಕುದಿಸಿದರೆ ಅಷ್ಟೂ ಅಡಿಗೆಮನೆಯ ಗಾಳಿಗೆ ಹೋಗುತ್ತದೆ. ಬಾಗಿಲ ಬಳಿ ಕುಂಡದಲ್ಲಿ ಹುಲ್ಲು ನೆಟ್ಟರೂ ಸೊಳ್ಳೆ ನಿಲ್ಲುವುದಿಲ್ಲ, ಎಲೆ ಜಜ್ಜುವವರೆಗೆ ಎಣ್ಣೆ ಎಲೆಯೊಳಗೇ ಇರುತ್ತದೆ. ಆ ಹುಲ್ಲನ್ನು ಚಹಾಕ್ಕೇ ಇಟ್ಟುಕೊಳ್ಳಿ.

50 ಎಂ.ಎಲ್. ಮಾಡುವ ಕ್ರಮ

ಇದು ದೊಡ್ಡವರಿಗೆ. ಹನಿ ಎಣಿಸಿ ಮಾಡಬೇಡಿ, ಬಾಟಲಿಯ ಮೂತಿಗೆ ತಕ್ಕಂತೆ ಹನಿಯ ಗಾತ್ರ ಬದಲಾಗುತ್ತದೆ. ಔಷಧಿ ಅಂಗಡಿಯಲ್ಲಿ ಸೂಜಿ ಇಲ್ಲದ 5 ಎಂ.ಎಲ್. ಮತ್ತು 1 ಎಂ.ಎಲ್. ಸಿರಿಂಜ್ ಒಂದೊಂದು ತನ್ನಿ.

ಸಿಟ್ರೊನೆಲ್ಲಾ ಎಣ್ಣೆ 2.5 ಎಂ.ಎಲ್.
ಬೇವಿನ ಎಣ್ಣೆ 1 ಎಂ.ಎಲ್.
ಮಜ್ಜಿಗೆ ಹುಲ್ಲಿನ ಎಣ್ಣೆ 0.3 ಎಂ.ಎಲ್.
ಕೊಬ್ಬರಿ ಎಣ್ಣೆ ಸುಮಾರು 46 ಎಂ.ಎಲ್.

ಅಂದರೆ ಸಿಟ್ರೊನೆಲ್ಲಾ ಶೇ. 5, ಬೇವು ಶೇ. 2. ಮಜ್ಜಿಗೆ ಹುಲ್ಲಿನ ಎಣ್ಣೆ ಶೇ. 1ಕ್ಕೂ ಕಡಿಮೆ ಏಕೆಂದರೆ, ಸಿಟ್ರಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಒಮ್ಮೆ ಅಲರ್ಜಿ ಹತ್ತಿತೆಂದರೆ ಮುಂದೆ ಪ್ರತಿ ಸಲವೂ ಕಾಡುತ್ತದೆ. ವಾಸನೆ ಚೆನ್ನಾಗಿದೆ ಎಂದು ಕೈಬಿಟ್ಟು ಹಾಕುವವರಿಗೆ ತೊಂದರೆ ಬರುವುದು ಹೆಚ್ಚಾಗಿ ಇದರಿಂದಲೇ.

ಡಿಸೆಂಬರ್–ಜನವರಿಯ ಥಂಡಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ, ಬೇವಿನ ಎಣ್ಣೆಯೂ ಗಟ್ಟಿಯಾಗುತ್ತದೆ. ಎರಡೂ ಬಾಟಲಿಗಳನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಕರಗಿಸಿ. ಒಲೆಯ ಮೇಲೆ ನೇರವಾಗಿ ಇಡಬೇಡಿ. ಒಣಗಿದ ಕಂದು ಬಾಟಲಿಗೆ ಮೊದಲು ಅರ್ಧ ಕೊಬ್ಬರಿ ಎಣ್ಣೆ, ಮೇಲೆ ಬೇವಿನ ಎಣ್ಣೆ ಹಾಕಿ ಕುಲುಕಿ. ಅದು ಉಗುರು ಬೆಚ್ಚಗಾದ ಮೇಲೆ ಎರಡು ಹುಲ್ಲಿನ ಎಣ್ಣೆಗಳನ್ನು ಸೇರಿಸಿ. ಬಿಸಿ ಇರುವಾಗಲೇ ಸುರಿದರೆ ಕೋಣೆಯೆಲ್ಲ ಘಮಘಮ ಎನ್ನುತ್ತದೆ, ಆದರೆ ಹಚ್ಚಿಕೊಳ್ಳಬೇಕಾದ್ದೇ ಹಾರಿಹೋಗಿರುತ್ತದೆ. ಉಳಿದ ಕೊಬ್ಬರಿ ಎಣ್ಣೆ ತುಂಬಿ, ಮುಚ್ಚಿ, ಇನ್ನೊಮ್ಮೆ ಕುಲುಕಿ. ಮಾಡಿದ ತಾರೀಖನ್ನು ಬಾಟಲಿಯ ಮೇಲೆ ಬರೆಯಿರಿ.

ಕೊಬ್ಬರಿ ಎಣ್ಣೆಯ ಬದಲು ನೀರು ಹಾಕಿ ಸ್ಪ್ರೇ ಮಾಡುವ ವಿಧಾನ ಎಲ್ಲೆಡೆ ಓಡಾಡುತ್ತಿದೆ. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ, ಪದರವಾಗಿ ನಿಲ್ಲುತ್ತದೆ. ಒಂದು ಸಲ ಬರೀ ನೀರು ಬರುತ್ತದೆ, ಇನ್ನೊಂದು ಸಲ ಶುದ್ಧ ಎಣ್ಣೆಯೇ ಮೈಮೇಲೆ ಬಿದ್ದು ಉರಿಯುತ್ತದೆ. ಕರ್ಪೂರ ಸೇರಿಸುವುದೂ ಬೇಡ. ಅದು ಸಣ್ಣ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು.

ಹಚ್ಚುವ ಮೊದಲು ಮೊಣಕೈಯ ಒಳಭಾಗದಲ್ಲಿ ನಾಣ್ಯದಗಲ ಸವರಿ ಒಂದು ದಿನ ಬಿಡಿ. ಕೆಂಪಾದರೆ, ತುರಿಸಿದರೆ, ಗುಳ್ಳೆ ಎದ್ದರೆ ಆ ಎಣ್ಣೆ ನಿಮಗೆ ಹೊಂದುವುದಿಲ್ಲ. ಸೋಪಿನಿಂದ ತೊಳೆದು ಅಲ್ಲಿಗೇ ಬಿಡಿ.

ಹಚ್ಚುವ ಅಳತೆ

ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಕೈಗೆ ಸುಮಾರು 1 ಎಂ.ಎಲ್. ಬೇಕು. ಮೊಣಕಾಲ ಕೆಳಗಿನ ಭಾಗ ಮತ್ತು ಪಾದ ಸೇರಿ ಒಂದು ಕಾಲಿಗೆ ಸುಮಾರು 2 ಎಂ.ಎಲ್. ಎರಡು ಕೈ, ಎರಡು ಕಾಲಿಗೆ ಒಟ್ಟು 6 ಎಂ.ಎಲ್. ಆಯಿತು. ಅಂದರೆ 50 ಎಂ.ಎಲ್. ಬಾಟಲಿ ಎಂಟು ಸಲಕ್ಕೆ ಮುಗಿಯುತ್ತದೆ. ಕಿವಿಯ ಹಿಂದೆ ಒಂದು ಹನಿ, ಮೊಣಕೈಗೆ ಒಂದು ಹನಿ ಸವರಿಕೊಂಡು ಎಣ್ಣೆ ಕೆಲಸ ಮಾಡಲಿಲ್ಲ ಎನ್ನುವವರು ಈ ಲೆಕ್ಕ ನೋಡಬೇಕು. ಎಣ್ಣೆ ತಾಗದೆ ಉಳಿದ ಜಾಗವನ್ನು ಸೊಳ್ಳೆ ಹುಡುಕಿಕೊಂಡು ಕಚ್ಚುತ್ತದೆ. ಹಿಮ್ಮಡಿ, ಕಾಲಿನ ಗಂಟು ಬಿಡಬೇಡಿ, ಈಡಿಸ್‌ಗೆ ಅದೇ ಇಷ್ಟದ ಜಾಗ. ಗಾಯ, ಕಣ್ಣು, ತುಟಿಯ ಹತ್ತಿರ ಬೇಡ.

ನಿಮ್ಮ ಎಣ್ಣೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ತಿಳಿಯುವುದು

ಬರಿಗೈ ಚಾಚಿ ಕಚ್ಚಿಸಿಕೊಂಡು ಪರೀಕ್ಷೆ ಮಾಡಬಾರದು. ಕಚ್ಚಿಸಿಕೊಳ್ಳದೆಯೂ ತಿಳಿಯಲು ಒಂದು ದಾರಿ ಇದೆ. ಸೊಳ್ಳೆ ಪರದೆಯ ಹಳೆಯ ತುಂಡಿನಿಂದ ಅಗಲವಾದ ತೋಳು ಹೊಲಿಯಿರಿ. ಒಳಗೆ ತಂತಿಯ ಮೂರು ದೊಡ್ಡ ಬಳೆಗಳನ್ನು ಇಟ್ಟು ಹೊಲಿದರೆ ಬಟ್ಟೆ ಚರ್ಮದಿಂದ ಎರಡು ಬೆರಳು ದೂರ ನಿಲ್ಲುತ್ತದೆ. ಸೊಳ್ಳೆ ಬಟ್ಟೆಯ ಮೇಲೆ ಕೂರುತ್ತದೆ, ಆದರೆ ಅದರ ಸೊಂಡಿಲು ಚರ್ಮಕ್ಕೆ ಮುಟ್ಟುವುದಿಲ್ಲ. ಎರಡೂ ತುದಿಗೆ ಇಲಾಸ್ಟಿಕ್ ಹಾಕಿ. ಕೈಗೆ ಗ್ಲೌಸ್, ಉಳಿದ ಮೈಗೆಲ್ಲ ತುಂಬು ಬಟ್ಟೆ ಇರಲಿ.

ಮೊದಲು ಎಣ್ಣೆ ಇಲ್ಲದ ಕೈಗೆ ತೋಳು ಹಾಕಿ ಸೊಳ್ಳೆ ಇರುವ ಜಾಗದಲ್ಲಿ ಮೂರು ನಿಮಿಷ ಕೂತು ಎಷ್ಟು ಬಂದು ಕೂರುತ್ತವೆ ಎಣಿಸಿ. ಐದಾದರೂ ಕೂರದಿದ್ದರೆ ಅವತ್ತು ಪರೀಕ್ಷೆ ಬೇಡ, ಸೊಳ್ಳೆಯೇ ಇಲ್ಲದ ಸಂಜೆ ಎಲ್ಲ ಎಣ್ಣೆಯೂ ಗೆದ್ದಂತೆ ಕಾಣುತ್ತದೆ. ಆಮೇಲೆ ಇನ್ನೊಂದು ಕೈಗೆ 1 ಎಂ.ಎಲ್. ಎಣ್ಣೆ ಹಚ್ಚಿ ತೋಳು ಹಾಕಿ. ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಅದೇ ಜಾಗದಲ್ಲಿ ಮೂರು ಮೂರು ನಿಮಿಷ ಕೂರಿ. ಎರಡು ಸೊಳ್ಳೆ ಬಂದು ಕೂತವೆಂದರೆ ಎಣ್ಣೆಯ ಅವಧಿ ಮುಗಿಯಿತು. ಬೇರೆ ಬೇರೆ ಸಂಜೆ ಮಾಡಿ ಬಂದದ್ದರಲ್ಲಿ ಕಡಿಮೆ ಹೊತ್ತನ್ನೇ ಹಿಡಿಯಿರಿ, ಅದಕ್ಕೂ ಸ್ವಲ್ಪ ಮೊದಲೇ ಮತ್ತೆ ಹಚ್ಚಿ. ಪರೀಕ್ಷೆ ಮಾಡದವರು ಅರ್ಧ ಗಂಟೆ ಎಂದಿಟ್ಟುಕೊಂಡರೆ ಮೋಸವಿಲ್ಲ. ಮನೆಯಲ್ಲಿ ಅಥವಾ ಓಣಿಯಲ್ಲಿ ಯಾರಿಗಾದರೂ ಡೆಂಗಿ ಇದ್ದಾಗ ಈ ಪರೀಕ್ಷೆ ಬೇಡವೇ ಬೇಡ.

ಒಂದೇ ಮನೆಯ ಮೂವರು

ನಮ್ಮ ಓಣಿಯ ಒಂದು ಮನೆಯನ್ನೇ ನೋಡೋಣ. ಮುತ್ಯಾ ಸಂಜೆ ಆರೂವರೆಗೆ ಊರ ಕಡೆಯ ಮಾತಾಡುತ್ತ ಕಟ್ಟೆಯ ಮೇಲೆ ಒಂದು ತಾಸು ಕೂರುತ್ತಾರೆ. ಮೊಮ್ಮಗಳು ಆರನೆಯ ಇಯತ್ತೆ, ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಸಂಜೆಯೇ ಮನೆಗೆ ಬರುತ್ತಾಳೆ. ತೊಟ್ಟಿಲಲ್ಲಿ ನಾಲ್ಕು ತಿಂಗಳ ಕೂಸಿದೆ. ಆ ಮನೆಯ ಸೊಸೆ ನನ್ನನ್ನು ಕೇಳಿದ್ದು ಒಂದೇ ಮಾತು: “ಅಕ್ಕಾರ, ಇದೊಂದು ಎಣ್ಣಿ ಮಾಡಿಟ್ರ ಎಲ್ಲಾರಿಗೂ ನಡಿತೈತಲ್ರೀ?”

ಮುತ್ಯಾಗೆ ನಡೆಯುತ್ತದೆ. ಅವರು ಕೂರುವುದು ಒಂದು ತಾಸು, ಬಾಟಲಿ ಕೈಗೆಟುಕುವಲ್ಲೇ ಇರುತ್ತದೆ. ಕೂರುವಾಗ ಒಮ್ಮೆ, ಅರ್ಧ ತಾಸಿಗೆ ಇನ್ನೊಮ್ಮೆ ಕಾಲಿಗೆ ಹಚ್ಚಿಕೊಂಡರೆ ಸಾಕು. ಆ ಹೊತ್ತಿಗೆ ಬರುವವು ಹೆಚ್ಚಾಗಿ ಗಟಾರದ ಕ್ಯೂಲೆಕ್ಸ್. ಪಕ್ಕದಲ್ಲಿ ಟೇಬಲ್ ಫ್ಯಾನ್ ಕಾಲಿನ ಕಡೆ ತಿರುಗಿಸಿಟ್ಟರೆ ಇನ್ನೂ ಒಳ್ಳೆಯದು, ಗಾಳಿಗೆ ಸೊಳ್ಳೆ ಸರಿಯಾಗಿ ಹಾರಲಾರದು. ಎಣ್ಣೆ ಬೇಗ ಆರುತ್ತದೆ ನಿಜ, ಆದರೂ ಒಟ್ಟಿನಲ್ಲಿ ಲಾಭವೇ.

ಮೊಮ್ಮಗಳಿಗೆ ನಡೆಯುವುದಿಲ್ಲ. ಮನೆಯಲ್ಲಿ ಹಚ್ಚಿದ ಎಣ್ಣೆ ಅವಳು ಪ್ರಾರ್ಥನೆಗೆ ನಿಲ್ಲುವ ಹೊತ್ತಿಗೇ ಸೋತಿರುತ್ತದೆ, ಈಡಿಸ್ ಕಚ್ಚುವುದು ಆ ಬಳಿಕ. ಜೂನ್‌ನಿಂದ ನವೆಂಬರ್‌ವರೆಗಿನ ತಿಂಗಳುಗಳಲ್ಲಿ ಅವಳಿಗೆ ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ, ತೆರೆದ ಚರ್ಮಕ್ಕೆ ಅಂಗಡಿಯ ಕ್ರೀಮು. ಕ್ರೀಮನ್ನು ದೊಡ್ಡವರೇ ಹಚ್ಚಬೇಕು, ಅಂಗೈಗೆ ಹಚ್ಚಬಾರದು, ಮನೆಗೆ ಬಂದ ಮೇಲೆ ತೊಳೆಯಬೇಕು. ಸಂಜೆ ಅಂಗಳದಲ್ಲಿ ಆಡುವಾಗ ಬೇಕಿದ್ದರೆ ಮನೆಯ ಎಣ್ಣೆಗೆ ಅಷ್ಟೇ ಕೊಬ್ಬರಿ ಎಣ್ಣೆ ಬೆರೆಸಿ ಹಚ್ಚಬಹುದು.

ಕೂಸಿಗೆ ಎಣ್ಣೆಯೂ ಬೇಡ, ಕ್ರೀಮೂ ಬೇಡ. ತೊಟ್ಟಿಲಿಗೆ ಪರದೆ ಹಾಕಿ, ಹಗಲೂ ಹಾಕಿ. ಬೇವಿನ ಎಣ್ಣೆ ಕೂಸಿನ ಹೊಟ್ಟೆಗೆ ಹೋದರೆ ಬಹಳ ಅಪಾಯ. ಹೊಟ್ಟೆಯ ಹುಳುವಿಗೆ, ಕೆಮ್ಮಿಗೆ ಎಂದು ನಾಲ್ಕು ಹನಿ ನೆಕ್ಕಿಸುವ ರೂಢಿಯಿಂದ ವಾಂತಿ, ಫಿಟ್ಸ್, ಪ್ರಜ್ಞೆ ತಪ್ಪುವುದು ಆಗಿ ಮಕ್ಕಳು ಸತ್ತದ್ದು ವೈದ್ಯಕೀಯ ದಾಖಲೆಯಲ್ಲಿದೆ. ಸೊಳ್ಳೆಗೆಂದು ತಂದ ಬಾಟಲಿ ಆಯಿಯ ಔಷಧದ ಡಬ್ಬಿ ಸೇರದಂತೆ ನೋಡಿಕೊಳ್ಳಿ.

ಆ ಸೊಸೆ ಇನ್ನೊಂದು ಮಾತು ಕೇಳಿದ್ದಳು. ಪ್ಲಗ್‌ಗೆ ಹಾಕುವ ಸೊಳ್ಳೆ ಮಷೀನಿನ ಖಾಲಿ ಬಾಟಲಿಗೆ ಬೇವಿನ ಎಣ್ಣೆ, ಕರ್ಪೂರ ತುಂಬಿದರೆ ಹೇಗೆ ಎಂದು. ಆ ಮಷೀನಿನ ಶಾಖಕ್ಕೆ ಬೇವಿನ ಎಣ್ಣೆ ಆವಿಯಾಗುವುದಿಲ್ಲ. ಬತ್ತಿಯಲ್ಲಿ ಜಿಡ್ಡು ಕಟ್ಟಿಕೊಂಡು ಅದು ಕರ್ರಗಾಗುತ್ತದೆ. ಕೋಣೆಯಲ್ಲಿ ಬರುವ ವಾಸನೆ ಕರ್ಪೂರದ್ದು, ಅದನ್ನು ಮುಚ್ಚಿದ ಕೋಣೆಯಲ್ಲಿ ಇಡೀ ರಾತ್ರಿ ಕೂಸು ಉಸಿರಾಡಬೇಕಾಗುತ್ತದೆ. ಬತ್ತಿ ಕಪ್ಪಾದದ್ದು ಕಂಡರೆ ಪ್ಲಗ್ ಕಿತ್ತು ಎಸೆದುಬಿಡಿ.

ಡ್ರಮ್ಮಿನ ವಿಷಯ

ಯಾವ ಎಣ್ಣೆ ಹಚ್ಚಿದರೂ ಮನೆಯ ಡ್ರಮ್ಮಿನಲ್ಲೇ ಸೊಳ್ಳೆ ಹುಟ್ಟುತ್ತಿದ್ದರೆ ಮುಗಿಯದ ಕೆಲಸ. ಈಡಿಸ್‌ನ ಮೊಟ್ಟೆ ಸೊಳ್ಳೆಯಾಗಲು ಎಂಟು–ಹತ್ತು ದಿನ ಬೇಕು. ಅದಕ್ಕೇ ವಾರಕ್ಕೊಮ್ಮೆ ಖಾಲಿ ಮಾಡಿ ಎನ್ನುವುದು. ಬರೀ ಖಾಲಿ ಮಾಡಿದರೆ ಸಾಲದು. ಮೊಟ್ಟೆಗಳು ನೀರಿನ ಗೆರೆಯ ಮೇಲೆ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ನಾರಿನ ಬ್ರಶ್ಶಿನಿಂದ ತಿಕ್ಕಿ ತೊಳೆದು ಒಣಗಿಸಿ ತುಂಬಿ, ಮುಚ್ಚಳ ಇಲ್ಲದಿದ್ದರೆ ದಪ್ಪ ಬಟ್ಟೆ ಬಿಗಿದು ಹಗ್ಗ ಕಟ್ಟಿ. ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗೆ ಗಪ್ಪಿ ಮೀನು ಬಿಡಬಹುದು.

ಬಾಟಲಿ ಇಡುವುದು, ಎಸೆಯುವುದು

ಬಾಟಲಿಯನ್ನು ಕಪಾಟಿನೊಳಗೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ. ಗಾಳಿ–ಬೆಳಕಿಗೆ ಹುಲ್ಲಿನ ಎಣ್ಣೆಗಳು ಕೆಡುತ್ತವೆ, ಕೆಟ್ಟದ್ದು ಚರ್ಮಕ್ಕೆ ಇನ್ನೂ ಹೆಚ್ಚು ಉರಿ ತರುತ್ತದೆ. ಅದಕ್ಕೇ 50 ಎಂ.ಎಲ್.ಗಿಂತ ಹೆಚ್ಚು ಒಮ್ಮೆಗೆ ಮಾಡಬೇಡಿ. ನಿಂಬೆಯ ವಾಸನೆ ಹೋಗಿ ಹಳೆ ಎಣ್ಣೆಯ ಮುಗ್ಗು ವಾಸನೆ ಬಂದರೆ, ಅಥವಾ ಬರೆದ ತಾರೀಖಿಗೆ ಮೂರು ತಿಂಗಳು ದಾಟಿದ್ದರೆ ಹೊಸದಾಗಿ ಮಾಡಿ. ಹಳೆಯದನ್ನು ಗಟಾರಕ್ಕೆ ಸುರಿಯದೆ, ಬೂದಿ ಅಥವಾ ಉಸುಕಿನಲ್ಲಿ ಕಲಸಿ ಕಸದ ಗಾಡಿಗೆ ಹಾಕಿ.